ಚಿನ್ನದ ಧಾರಣೆಯ ಜೊತೆಗೆ ಪ್ರೀಮಿಯಂ, ಡಿಸ್ಕೌಂಟ್ ಕೂಡ ಅಚ್ಚಾಗಲಿ

ಮಾನ್ಯರೆ,

ಚಿನ್ನದ ಧಾರಣೆ ಜಿಗಿದ ಮರುದಿನ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ‘ಬೇಡಿಕೆ ಹೆಚ್ಚಿದ್ದರಿಂದ ಚಿನಿವಾರ ಪೇಟೆಯಲ್ಲಿ ಬೆಲೆ ಏರಿಕೆಯಾಗಿದೆ’ ಎಂಬ ಸಾಲು ಹೆಚ್ಚುಕಡಿಮೆ ತಪ್ಪದೇ ಬರುತ್ತದೆ. ಯಾರ ಬೇಡಿಕೆ, ಎಲ್ಲಿಯ ಬೇಡಿಕೆ ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಬೆಲೆ ಏರಿದ ಎಷ್ಟೋ ವಾರಗಳಲ್ಲಿ ಮುಂಬೈಯ ಸಗಟು ವ್ಯಾಪಾರಿಗಳು ಕೊಳ್ಳುವವರಿಲ್ಲದೆ, ತಮಗೆ ಬಿದ್ದ ಅಸಲಿಗಿಂತ ಕಡಿಮೆ ಬೆಲೆಗೆ ಗಟ್ಟಿ ಚಿನ್ನ ಮಾರುತ್ತಿರುತ್ತಾರೆ. ಇದನ್ನು ತೋರಿಸಿಕೊಡುವ ಅಂಕಿಯೊಂದು ಪೇಟೆಯಲ್ಲಿ ದಿನವೂ ಓಡಾಡುತ್ತದೆ. ಅದು ಅಂತರರಾಷ್ಟ್ರೀಯ ಬೆಲೆಗೆ ಹೋಲಿಸಿದಾಗ ಸ್ಥಳೀಯ ಬೆಲೆಯಲ್ಲಿ ಕಾಣುವ ಹೆಚ್ಚುವರಿ, ಅಂದರೆ ಪ್ರೀಮಿಯಂ, ಇಲ್ಲವೇ ಕಡಿತ, ಅಂದರೆ ಡಿಸ್ಕೌಂಟ್. ಓದುಗರಿಗೆ ಅದು ಅಷ್ಟಾಗಿ ತಲುಪುತ್ತಿಲ್ಲವಾದ್ದರಿಂದ ಈ ಪತ್ರ.

ಮೊದಲು ಲೆಕ್ಕವನ್ನೇ ನೋಡೋಣ. ಲಂಡನ್ ಮಾರುಕಟ್ಟೆಯಲ್ಲಿ ಚಿನ್ನದ ಬೆಲೆಯನ್ನು ಟ್ರಾಯ್ ಔನ್ಸಿಗೆ ಇಷ್ಟು ಡಾಲರ್ ಎಂದು ಹೇಳುತ್ತಾರೆ. ಒಂದು ಟ್ರಾಯ್ ಔನ್ಸ್ ಎಂದರೆ 31.1035 ಗ್ರಾಂ. ಲೆಕ್ಕದ ಅನುಕೂಲಕ್ಕಾಗಿ ಔನ್ಸಿಗೆ 4,000 ಡಾಲರ್, ಡಾಲರಿಗೆ 90 ರೂಪಾಯಿ, ಆಮದು ಸುಂಕ ಶೇ 6 ಎಂದು ಇಟ್ಟುಕೊಳ್ಳೋಣ. ಆಗ 10 ಗ್ರಾಂ ಚಿನ್ನಕ್ಕೆ ಸುಮಾರು 1,286 ಡಾಲರ್, ಅಂದರೆ 1,15,743 ರೂಪಾಯಿ ಆಗುತ್ತದೆ. ಶೇ 6ರ ಸುಂಕವಾಗಿ 6,945 ರೂಪಾಯಿ ಕೂಡಿಸಿದರೆ, ಜಿಎಸ್‌ಟಿ ಸೇರುವ ಮುನ್ನ, ಇಲ್ಲಿ ಬಂದಿಳಿದ ಚಿನ್ನದ ಅಸಲು 1,22,688 ರೂಪಾಯಿ. ಅದೇ ಹೊತ್ತಿಗೆ ಮುಂಬೈಯ ಸಗಟು ಪೇಟೆಯಲ್ಲಿ ಜಿಎಸ್‌ಟಿ ಬಿಟ್ಟು 1,23,300 ರೂಪಾಯಿಗೆ ವ್ಯವಹಾರ ನಡೆಯುತ್ತಿದ್ದರೆ 612 ರೂಪಾಯಿ ಹೆಚ್ಚು ಸಿಕ್ಕಂತಾಯಿತು. ಪೇಟೆಯ ರೂಢಿಯಂತೆ ಡಾಲರಿಗೆ ಬದಲಿಸಿದರೆ ಔನ್ಸಿಗೆ ಸುಮಾರು 21 ಡಾಲರ್ ಪ್ರೀಮಿಯಂ. 1,22,000ಕ್ಕೇ ಮಾರಾಟವಾಗುತ್ತಿದ್ದರೆ ಸುಮಾರು 24 ಡಾಲರ್ ಡಿಸ್ಕೌಂಟ್. ಸುಂಕವನ್ನು ಅಸಲಿನಲ್ಲಿ ಸೇರಿಸಿದ ಮೇಲೆ ಉಳಿಯುವ ವ್ಯತ್ಯಾಸವೇ ಪ್ರೀಮಿಯಂ ಎಂಬುದು ಇಲ್ಲಿ ಮುಖ್ಯ. ಸುಂಕ ಬಿಟ್ಟು ಲಂಡನ್ ಬೆಲೆಯನ್ನೂ ನಮ್ಮ ಬೆಲೆಯನ್ನೂ ನೇರವಾಗಿ ಹೋಲಿಸಿ ‘ಭಾರತದಲ್ಲಿ ಚಿನ್ನ ಇಷ್ಟು ದುಬಾರಿ’ ಎನ್ನುವವರು ಸರ್ಕಾರದ ತೆರಿಗೆಯನ್ನು ಅಳೆಯುತ್ತಿರುತ್ತಾರೆಯೇ ಹೊರತು ಜನರ ಬೇಡಿಕೆಯನ್ನಲ್ಲ.

ಈ ಸಣ್ಣ ವ್ಯತ್ಯಾಸಕ್ಕೆ ಇಷ್ಟು ಬೆಲೆ ಏಕೆ ಕೊಡಬೇಕು ಎಂಬುದಕ್ಕೆ ಉತ್ತರ ಕಳೆಯುವ ಲೆಕ್ಕದಲ್ಲೇ ಇದೆ. ಅಮೆರಿಕದ ಬಡ್ಡಿ ದರ, ಡಾಲರಿನ ಬಲ, ಯುದ್ಧದ ಭೀತಿ, ಷೇರುಪೇಟೆಯಲ್ಲಿ ವಹಿವಾಟಾಗುವ ಚಿನ್ನದ ನಿಧಿಗಳಾದ ಇಟಿಎಫ್‌ಗಳಲ್ಲಿ ಪಾಶ್ಚಾತ್ಯ ಹೂಡಿಕೆದಾರರ ಖರೀದಿ, ಇವೆಲ್ಲ ಲಂಡನ್ ಬೆಲೆಯಲ್ಲಿ ಈಗಾಗಲೇ ಸೇರಿರುತ್ತವೆ. ಅಲ್ಲಿಂದ ಮುಂಬೈ ಬೆಲೆಗೂ ಶಾಂಘೈ ಬೆಲೆಗೂ ಸಮನಾಗಿ ಇಳಿದು ಬರುತ್ತವೆ. ರೂಪಾಯಿ ಅಥವಾ ಯುವಾನ್ ವಿನಿಮಯ ದರವನ್ನು ಸೇರಿಸಿ ಒಂದರಿಂದ ಇನ್ನೊಂದನ್ನು ಕಳೆದಾಗ ಎರಡೂ ಕಡೆ ಇರುವುದೆಲ್ಲ ಹೊಡೆದುಹೋಗುತ್ತದೆ. ಉಳಿಯುವುದು ಆ ಊರಿನ ಪೇಟೆಗೆ ಮಾತ್ರ ಸೇರಿದ್ದು: ಅಲ್ಲಿ ಇಂದು ಚಿನ್ನ ಬೇಕೆನ್ನುವವರು ಎಷ್ಟು, ಅಲ್ಲಿನ ತಿಜೋರಿಗಳಲ್ಲಿ ಇಂದು ಇರುವ ಚಿನ್ನ ಎಷ್ಟು ಎಂಬುದು.

ಇದು ನಡೆಯುವ ಬಗೆಯೂ ಸರಳವಾಗಿಯೇ ಇದೆ. ಭಾರತ ತನಗೆ ಬೇಕಾದ ಹೊಸ ಚಿನ್ನವನ್ನು ಬಹುಪಾಲು ಹೊರಗಿನಿಂದಲೇ ತರಿಸಿಕೊಳ್ಳುತ್ತದೆ. ಅನುಮತಿ ಪಡೆದ ಬ್ಯಾಂಕುಗಳು ಮತ್ತಿತರ ಆಮದುದಾರರು ತರಿಸಿಟ್ಟ ದಾಸ್ತಾನನ್ನು ಸಗಟು ವ್ಯಾಪಾರಿಗಳೂ ಆಭರಣ ತಯಾರಕರೂ ಎತ್ತುತ್ತಾರೆ. ದೀಪಾವಳಿಗೆ ಮುಂಚೆ ಅಥವಾ ಮದುವೆಯ ಕಾಲದಲ್ಲಿ ಆಭರಣ ತಯಾರಕರು ಒಟ್ಟಿಗೆ ಖರೀದಿಗೆ ಇಳಿದರೆ ದಾಸ್ತಾನು ಬೇಗ ಕರಗುತ್ತದೆ. ಹೊಸ ಸರಕು ಸ್ವಿಟ್ಜರ್ಲೆಂಡಿನಿಂದಲೋ ದುಬೈಯಿಂದಲೋ ಬಂದು, ಕಸ್ಟಮ್ಸ್ ಮುಗಿಸಿ ಕೈಗೆ ಸಿಗಲು ದಿನಗಳು ಹಿಡಿಯುತ್ತವೆ. ಅಷ್ಟು ಕಾಯಲಾಗದವರು ಕೊಡುವ ಹೆಚ್ಚುವರಿಯೇ ಪ್ರೀಮಿಯಂ. ಅದು ವಿಮಾನ ಸಾಗಣೆ, ವಿಮೆ, ಬಡ್ಡಿಯ ಖರ್ಚನ್ನು ದಾಟಿದ ಕೂಡಲೇ ಆಮದು ಮಾಡುವುದು ಲಾಭದಾಯಕವಾಗುತ್ತದೆ, ಹೆಚ್ಚು ಚಿನ್ನ ಬರುತ್ತದೆ, ಪ್ರೀಮಿಯಂ ತಾನಾಗಿ ತಗ್ಗುತ್ತದೆ. ಹೀಗಾಗಿ ಆಮದಿಗೆ ಅಡ್ಡಿಯಿಲ್ಲದ ಕಾಲದಲ್ಲಿ ಪ್ರೀಮಿಯಂ ಬಹಳ ದಿನ ದೊಡ್ಡದಾಗಿ ಉಳಿಯುವಂತಿಲ್ಲ. ಸರಕು ಬಂದು ಬೀಳುತ್ತಲೇ ಇದ್ದರೂ ಕೆಲವು ವಾರ ಪ್ರೀಮಿಯಂ ನಿಂತಿದ್ದರೆ, ಬಂದ ಚಿನ್ನವನ್ನೆಲ್ಲ ಪೇಟೆ ನುಂಗುತ್ತಿದೆ ಎಂದೇ ಅರ್ಥ.

ಡಿಸ್ಕೌಂಟಿನ ನಡೆ ಇದರ ತಿರುವುಮುರುವು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಸುಂಕ ಕಟ್ಟಿ ಒಳಗೆ ತಂದ ಚಿನ್ನವನ್ನು, ಇಲ್ಲಿ ಬೆಲೆ ಬಿದ್ದಿತೆಂದು ವಾಪಸ್ ಲಂಡನ್ನಿಗೆ ಕಳಿಸುವುದು ಲಾಭದ ಮಾತಲ್ಲ. ಕಟ್ಟಿದ ಸುಂಕ ಹೋಗುತ್ತದೆ, ಗಟ್ಟಿ ಚಿನ್ನದ ರಫ್ತಿಗೆ ನಿರ್ಬಂಧಗಳೂ ಇವೆ. ಆದ್ದರಿಂದ ಪ್ರೀಮಿಯಂಗೆ ಸಾಗಣೆ ಖರ್ಚು ಒಂದು ಮೇಲ್ಮಿತಿಯಂತೆ ಕೆಲಸ ಮಾಡಿದರೆ, ಡಿಸ್ಕೌಂಟಿಗೆ ಅಂಥ ಗಟ್ಟಿ ತಳವಿಲ್ಲ. ದಾಸ್ತಾನಿನ ಮೇಲೆ ಬಡ್ಡಿ ಏರುತ್ತಿರುವ ವ್ಯಾಪಾರಿ ಎಷ್ಟು ದಿನ ತಡೆದುಕೊಳ್ಳಬಲ್ಲ ಎಂಬುದೇ ಅದರ ಮಿತಿ. ಇದರ ಜೊತೆಗೆ, ಬೆಲೆ ತೀರಾ ಏರಿದಾಗ ನಮ್ಮ ಜನ ಹೊಸದನ್ನು ಕೊಳ್ಳುವುದು ಬಿಟ್ಟು ಹಳೆಯ ಒಡವೆಯನ್ನು ಮಾರಲು, ಇಲ್ಲವೇ ಅದನ್ನೇ ಕೊಟ್ಟು ಹೊಸದನ್ನು ಮಾಡಿಸಲು ಹೊರಡುತ್ತಾರೆ. ಆ ಕರಗಿಸಿದ ಚಿನ್ನವೂ ಪೇಟೆಗೆ ಬಂದು ಆಮದು ಚಿನ್ನಕ್ಕೆ ಪೈಪೋಟಿ ಕೊಡುತ್ತದೆ. ಅಂತರರಾಷ್ಟ್ರೀಯ ಬೆಲೆ ದಾಖಲೆ ಮುಟ್ಟಿದ ಹೊತ್ತಿನಲ್ಲೇ ಏಷ್ಯಾದಲ್ಲಿ ಡಿಸ್ಕೌಂಟ್ ಆಳವಾಗುವುದು ಇದರಿಂದ. 2020ರ ಆಗಸ್ಟಿನಲ್ಲಿ ಬೆಲೆ ಮೊದಲ ಬಾರಿಗೆ 2,000 ಡಾಲರ್ ದಾಟಿದಾಗ ಚೀನಾದಲ್ಲಿ ದೊಡ್ಡ ಡಿಸ್ಕೌಂಟ್ ಇತ್ತು. ಬೆಲೆಯನ್ನು ಎತ್ತುತ್ತಿದ್ದವರು ಪಾಶ್ಚಾತ್ಯ ಹೂಡಿಕೆದಾರರು, ಏಷ್ಯಾದ ಕೊಳ್ಳುವವರಲ್ಲ ಎಂಬುದನ್ನು ಬೆಲೆಯೊಂದನ್ನೇ ನೋಡುತ್ತಿದ್ದವರು ತಿಳಿಯುವಂತಿರಲಿಲ್ಲ.

ಚೀನಾದ ಲೆಕ್ಕ ನಮ್ಮದಕ್ಕಿಂತ ಒಂದಿಷ್ಟು ಹಗುರ. ಶಾಂಘೈ ಚಿನ್ನ ವಿನಿಮಯ ಕೇಂದ್ರದಲ್ಲಿ ಬೆಲೆಯನ್ನು ಗ್ರಾಮಿಗೆ ಇಷ್ಟು ಯುವಾನ್ ಎಂದು ಹೇಳುತ್ತಾರೆ, 2016ರ ಏಪ್ರಿಲ್‌ನಿಂದ ಅಲ್ಲಿ ಯುವಾನಿನಲ್ಲೇ ಒಂದು ಮಾನದಂಡ ಬೆಲೆಯೂ ನಿಗದಿಯಾಗುತ್ತದೆ, ಮತ್ತು ನಮ್ಮಂತೆ ಭಾರೀ ಆಮದು ಸುಂಕವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಆದರೆ ಅಲ್ಲಿ ಇನ್ನೊಂದು ತೊಡಕಿದೆ. ಎಷ್ಟು ಚಿನ್ನ ಒಳಬರಬೇಕು ಎಂಬುದನ್ನು ಕೇಂದ್ರ ಬ್ಯಾಂಕು ಕೋಟಾಗಳ ಮೂಲಕ ಹಿಡಿತದಲ್ಲಿ ಇಟ್ಟುಕೊಂಡಿದೆ. 2023ರ ಸೆಪ್ಟೆಂಬರಿನಲ್ಲಿ ಶಾಂಘೈ ಪ್ರೀಮಿಯಂ ಔನ್ಸಿಗೆ 100 ಡಾಲರ್ ದಾಟಿತು. ಆಸ್ತಿ ಮಾರುಕಟ್ಟೆ ಕುಸಿದು, ಯುವಾನ್ ದುರ್ಬಲಗೊಂಡು, ಉಳಿತಾಯಗಾರರು ಚಿನ್ನದತ್ತ ತಿರುಗಿದ್ದು ನಿಜ. ಡಾಲರ್ ಹೊರಹೋಗುವುದನ್ನು ತಡೆಯಲು ಆಮದನ್ನು ಬಿಗಿ ಮಾಡಿದ್ದಾರೆ ಎಂಬ ಮಾತೂ ಆಗ ಪೇಟೆಯಲ್ಲಿ ಬಲವಾಗಿತ್ತು. ಆ 100 ಡಾಲರಿನಲ್ಲಿ ಬೇಡಿಕೆಯ ಪಾಲೆಷ್ಟು, ಕೊರತೆಯ ಪಾಲೆಷ್ಟು ಎಂದು ಆ ಅಂಕಿಯೊಂದೇ ಹೇಳಲಾರದು.

ನಮ್ಮಲ್ಲಿಯೇ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯಿದೆ. 2013ರಲ್ಲಿ ಚಾಲ್ತಿ ಖಾತೆ ಕೊರತೆಯ ಒತ್ತಡದಲ್ಲಿ ಸುಂಕವನ್ನು ಶೇ 10ಕ್ಕೆ ಏರಿಸಲಾಯಿತು, ಜೊತೆಗೆ ರಿಸರ್ವ್ ಬ್ಯಾಂಕ್ 80:20 ನಿಯಮ ತಂದಿತು. ಆಮದಾದ ಚಿನ್ನದಲ್ಲಿ ಶೇ 20 ಭಾಗವನ್ನು ರಫ್ತುದಾರರಿಗೆ ಮೀಸಲಿಡಬೇಕು, ಅದು ಒಡವೆಯಾಗಿ ರಫ್ತಾಗದೆ ಮುಂದಿನ ಸರಕು ತರುವಂತಿಲ್ಲ ಎಂಬುದು ಅದರ ಸಾರ. ಆಮದು ಕುಗ್ಗಿತು, ವರ್ಷದ ಕೊನೆಯ ತಿಂಗಳುಗಳಲ್ಲಿ ಪ್ರೀಮಿಯಂ ಔನ್ಸಿಗೆ 100 ಡಾಲರನ್ನೂ ಮೀರಿತು. ಅದನ್ನು ಬೇಡಿಕೆ ಉಕ್ಕಿದ್ದಕ್ಕೆ ಸಾಕ್ಷಿ ಎಂದವರು ಎಡವಿದರು. ಬೇಡಿಕೆ ಎಂದಿನಂತೆ ಇತ್ತೋ ಕುಗ್ಗಿತ್ತೋ, ಬಾಗಿಲು ಮುಚ್ಚಿದ್ದರಿಂದ ಒಳಗಿನ ಬೆಲೆ ಏರಿತ್ತು. 2014ರ ನವೆಂಬರಿನಲ್ಲಿ ಆ ನಿಯಮವನ್ನು ಹಿಂತೆಗೆದುಕೊಳ್ಳಲಾಯಿತು.

ಪ್ರೀಮಿಯಂನಲ್ಲಿ ಬೇಡಿಕೆಯ ಪಾಲನ್ನೂ ಕೊರತೆಯ ಪಾಲನ್ನೂ ಬೇರ್ಪಡಿಸಲು ಆಮದಿನ ಪ್ರಮಾಣವನ್ನು ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ವಾಣಿಜ್ಯ ಸಚಿವಾಲಯ ಪ್ರತಿ ತಿಂಗಳೂ ಆಮದಿನ ಅಂಕಿ ಕೊಡುತ್ತದೆ. ಚೀನಾಕ್ಕೆ ಹಾಂಗ್‌ಕಾಂಗ್ ಮೂಲಕ ಹೋದ ಚಿನ್ನದ ಮಾಸಿಕ ಲೆಕ್ಕವೂ ಸಿಗುತ್ತದೆ. ಪ್ರೀಮಿಯಂ ಇದ್ದು ಆಮದೂ ಏರುತ್ತಿದ್ದರೆ ಅದು ಬೇಡಿಕೆ. ಪ್ರೀಮಿಯಂ ಏರಿ ಆಮದು ಇಳಿದಿದ್ದರೆ ಕಾರಣವನ್ನು ಸರ್ಕಾರಿ ಆದೇಶಗಳಲ್ಲಿ ಹುಡುಕಬೇಕು. ಆಮದಿನ ಅಂಕಿ ತಿಂಗಳು ಕಳೆದ ಮೇಲೆ ಬರುವುದರಿಂದ ಪ್ರೀಮಿಯಂ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ಅದರ ನಿಜವಾದ ಉಪಯೋಗವಿರುವುದು ಅಲ್ಲೇ.

ಡಿಸ್ಕೌಂಟಿನಲ್ಲೂ ಮೋಸ ಹೋಗುವ ಸಂದರ್ಭಗಳಿವೆ. 2022ರ ಜುಲೈನಲ್ಲಿ ಸುಂಕ ಶೇ 15ಕ್ಕೆ ಏರಿದಾಗ ಕಳ್ಳಸಾಗಣೆಗೆ ಆಸೆ ಹೆಚ್ಚಿತು. ಸುಂಕ ಕಟ್ಟದ ಚಿನ್ನವನ್ನು ಅಸಲಿಗಿಂತ ಕೆಳಗೆ ಮಾರಿದರೂ ಕಳ್ಳಸಾಗಣೆದಾರನಿಗೆ ಲಾಭವೇ ಆದ್ದರಿಂದ, ಜನ ಕೊಳ್ಳುತ್ತಿದ್ದರೂ ಪೇಟೆಯಲ್ಲಿ ಡಿಸ್ಕೌಂಟ್ ಕಾಣಬಹುದು. 2024ರ ಜುಲೈನಲ್ಲಿ ಸುಂಕ ಶೇ 6ಕ್ಕೆ ಇಳಿದ ವಾರದಲ್ಲಿ ಇನ್ನೊಂದು ಬಗೆಯ ಗೊಂದಲ. ಹಳೆಯ ಸುಂಕ ಕಟ್ಟಿ ತಂದಿದ್ದ ದಾಸ್ತಾನು ಯಾವ ಅಸಲಿಗೆ ಹೋಲಿಕೆಯಾಗಬೇಕು ಎಂಬುದೇ ಪ್ರಶ್ನೆ. ಸುಂಕ ಲೆಕ್ಕ ಹಾಕುವ ಮೂಲ ಬೆಲೆಯನ್ನು ಸರ್ಕಾರ ಸಾಮಾನ್ಯವಾಗಿ ಹದಿನೈದು ದಿನಕ್ಕೊಮ್ಮೆ ಪ್ರಕಟಿಸುತ್ತದೆ. ನಡುವೆ ಲಂಡನ್ ಬೆಲೆ ಜಿಗಿದರೆ ಆಮದುದಾರ ಕಟ್ಟುವ ನಿಜವಾದ ಸುಂಕ ನಮ್ಮ ಲೆಕ್ಕಕ್ಕಿಂತ ಕಡಿಮೆಯಿರುತ್ತದೆ, ಅಷ್ಟರ ಮಟ್ಟಿಗೆ ಡಿಸ್ಕೌಂಟ್ ಸುಮ್ಮನೆ ದೊಡ್ಡದಾಗಿ ತೋರುತ್ತದೆ. ಇವೆಲ್ಲ ಕೆಲವು ಡಾಲರುಗಳ ಲೆಕ್ಕ ಎನ್ನಬಹುದು, ಆದರೆ ನಾವು ಓದಲು ಹೊರಟಿರುವುದೇ ಕೆಲವು ಡಾಲರುಗಳ ಅಂಕಿಯನ್ನು.

ಹೊತ್ತಿನ ಬಗ್ಗೆಯೂ ಒಂದು ಮಾತು. ಲಂಡನ್ನಿನ ಮಧ್ಯಾಹ್ನದ ಬೆಲೆ ಅಲ್ಲಿನ 3 ಗಂಟೆಗೆ ನಿಗದಿಯಾಗುತ್ತದೆ. ನಮಗೆ ಆಗ ರಾತ್ರಿ 7.30 ಅಥವಾ 8.30. ಆ ಬೆಲೆಯನ್ನು ಮರುದಿನ ಮಧ್ಯಾಹ್ನದ ಮುಂಬೈ ಬೆಲೆಯ ಪಕ್ಕ ಇಟ್ಟರೆ, ನಡುವೆ ಲಂಡನ್ 20 ಡಾಲರ್ ಏರಿದ್ದರೂ ಸಾಕು, ಇಲ್ಲದ ಪ್ರೀಮಿಯಂ ಹುಟ್ಟಿಕೊಳ್ಳುತ್ತದೆ. ಮುಂಬೈ ವ್ಯವಹಾರ ನಡೆಯುವ ಅದೇ ಗಂಟೆಯ ಡಾಲರ್ ಬೆಲೆಯನ್ನೂ ಅದೇ ಗಂಟೆಯ ರೂಪಾಯಿ ದರವನ್ನೂ ಹಿಡಿಯಬೇಕು. ಮಜೂರಿ ಸೇರಿದ ಚಿಲ್ಲರೆ ಬೆಲೆಯನ್ನಂತೂ ಈ ಲೆಕ್ಕಕ್ಕೆ ತರಲೇಬಾರದು.

ತಮ್ಮ ಪತ್ರಿಕೆಯ ಧಾರಣೆ ಪಟ್ಟಿಯಲ್ಲಿ ವಾರಕ್ಕೊಮ್ಮೆ, ಶನಿವಾರದಂದು, ಮುಂಬೈ ಮತ್ತು ಶಾಂಘೈಗಳ ಪ್ರೀಮಿಯಂ ಅಥವಾ ಡಿಸ್ಕೌಂಟನ್ನು ಔನ್ಸಿಗೆ ಇಷ್ಟು ಡಾಲರ್ ಎಂದು ಕೊಟ್ಟು, ಹಿಂದಿನ ವರ್ಷದ ಅದೇ ವಾರದ ಅಂಕಿಯನ್ನೂ ಪಕ್ಕದಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇನೆ. ದೀಪಾವಳಿಗೆ ಮುಂಚಿನ ವಾರಗಳಲ್ಲಿ ಸಣ್ಣ ಪ್ರೀಮಿಯಂ ಇರುವುದು ಸಹಜ. ಆ ವಾರಗಳಲ್ಲೂ ಡಿಸ್ಕೌಂಟ್ ಇದ್ದರೆ ಅದು ಸುದ್ದಿ. ಸುಂಕ ಬದಲಾದ ವಾರವಾದರೆ ಅಂಕಿಯ ಕೆಳಗೆ ಹಾಗೆಂದು ಒಂದು ಟಿಪ್ಪಣಿ ಇರಲಿ.

ಇಂತಿ,
ವಾಣಿಜ್ಯ ಪುಟದ ಒಬ್ಬ ಓದುಗ