11:11 ಕಳಿಸೋ ಸೀನನಿಗೆ

ಸೀನ,

ನಿನ್ನ ಇನ್ನೊಂದು ಸ್ಕ್ರೀನ್‌ಶಾಟ್ ಬಂತು. 11:11, ಕೆಳಗೆ "ಮತ್ತೆ ನೋಡೋ!" ಗಡಿಯಾರದಲ್ಲಿ ಇಂಥ ಅಂಕಿಗಳು ದಿನಾ ಕಾಣುತ್ತೆ, ಇದು ಏನೋ ಸೂಚನೆ ಅಂತೀಯ. ಫೋನಲ್ಲಿ ಮಾತಾಡಿದ್ರೆ ಜಗಳವಾಗುತ್ತೆ, ಅದಕ್ಕೇ ಬರೀತಿದೀನಿ. ಇದು ಕಾಣೋದು ನಿನ್ನೊಬ್ಬನಿಗೇ ಅಲ್ಲವಲ್ಲ, ಬೇರೆಯವರೂ ಓದಲಿ ಅಂತ ಇಲ್ಲೇ ಹಾಕ್ತಿದೀನಿ.

ಮೊದಲು ಲೆಕ್ಕ ನೋಡೋಣ. ಬೆಳಗ್ಗೆ 6ರಿಂದ ರಾತ್ರಿ 10ರ ತನಕ 960 ನಿಮಿಷ. ಅಷ್ಟರಲ್ಲಿ 80 ಸಲ ಫೋನ್ ನೋಡ್ತೀಯ ಅಂತಿಟ್ಟುಕೋ. 11:11 ಒಂದನ್ನೇ ಎಣಿಸಿದ್ರೆ ಸುಮಾರು 12 ದಿನಕ್ಕೊಮ್ಮೆ ಕಣ್ಣಿಗೆ ಬೀಳಬೇಕು. ಆದರೆ ನೀನು 2:22, 4:44 ಕೂಡ ಕಳಿಸಿದೀಯ. 1:11ರಿಂದ 5:55ರ ತನಕ ಐದನ್ನೂ ಸೇರಿಸಿದ್ರೆ ಎರಡು ದಿನಕ್ಕೊಮ್ಮೆ. ಆಮೇಲೆ 10:10 ಬಂತು, 12:12 ಬಂತು, ಮೆಟ್ಟಿಲಿನ ಹಾಗೆ ಏರೋ 12:34, 1:23, 2:34, 3:45, 4:56 ಬಂದವು. ಒಟ್ಟು 13 ನಿಮಿಷ ಆಯ್ತು. ಈಗ ದಿನಕ್ಕೊಂದಾದರೂ ಸಿಗಲೇಬೇಕು. "ದಿನಾ ಕಾಣುತ್ತೆ" ಅಂತ ನೀನು ಹೇಳಿದ್ದು ನಿಜ ಕಣೋ. ಪಟ್ಟಿ ಬೆಳೀತಾ ಹೋದದ್ದು ಮಾತ್ರ ನಿನ್ನ ಗಮನಕ್ಕೆ ಬಂದಿಲ್ಲ.

ಇನ್ನು ಅರ್ಥದ ವಿಷಯ. ಪಾಶ್ಚಾತ್ಯ ಸಂಖ್ಯಾಶಾಸ್ತ್ರದಲ್ಲಿ 11, 22, 33 ಮಾಸ್ಟರ್ ನಂಬರುಗಳು, ಅವನ್ನು ಕೂಡಿಸಿ ಒಂದಂಕಿಗೆ ಇಳಿಸೋದಿಲ್ಲ. ಹಾಗಾಗಿ ಎರಡು ಸಲ ಬಂದ 11 ಅದನ್ನು ನಂಬೋರಿಗೆ ಹೊಸ ಬಾಗಿಲು ತೆರೆಯೋ ಸೂಚನೆ. ನಮ್ಮ ಕಡೆಯವರು ಅಂಕಿಗೊಂದು ಗ್ರಹ ಕೊಡ್ತಾರೆ: 1 ರವಿ, 2 ಚಂದ್ರ, 3 ಗುರು, 4 ರಾಹು. 11:11ರ ನಾಲ್ಕು ಒಂದುಗಳನ್ನು ಕೂಡಿಸು, 4 ಬಂತು, ರಾಹು! ಅದೇ ರಾತ್ರಿ 11:11ಕ್ಕೆ ಫೋನನ್ನು 24 ಗಂಟೆಯ ಲೆಕ್ಕಕ್ಕೆ ಬದಲಾಯಿಸಿ ನೋಡು. 23:11 ಆಗುತ್ತೆ, ಕೂಡಿಸಿದ್ರೆ 7, ಕೇತು. ಸೆಟ್ಟಿಂಗ್ಸಲ್ಲಿ ಒಂದು ಗುಂಡಿ ಒತ್ತಿದ್ದಕ್ಕೆ ಗ್ರಹ ಬದಲಾಯ್ತು. ರಾಹುಕಾಲ ನೋಡೋರು ಕೂಡ ಸೂರ್ಯೋದಯದಿಂದ ಸೂರ್ಯಾಸ್ತದ ತನಕದ ಹೊತ್ತನ್ನು ಎಂಟು ಭಾಗ ಮಾಡಿ ಎಣಿಸ್ತಾರೆ, ಗಡಿಯಾರದ ಅಂಕಿ ಕೂಡಿಸಿ ಅಲ್ಲ. ಗಡಿಯಾರದ 11:11ಕ್ಕೆ ಬೆಂಗಳೂರಿನ ಆಕಾಶದ ಪ್ರಕಾರ ಇನ್ನೂ 10:51ರ ಆಸುಪಾಸು, ಯಾಕಂದ್ರೆ ನಮ್ಮ ದೇಶದ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಮೇಲೆ, ನಾವು ಅದಕ್ಕಿಂತ ಐದು ಡಿಗ್ರಿಯಷ್ಟು ಪಶ್ಚಿಮಕ್ಕಿದೀವಿ. ಆ ನಾಲ್ಕು ಒಂದುಗಳು ಗ್ರಹದ ಲೆಕ್ಕದಿಂದ ಬಂದಿದ್ದಲ್ಲ, ರೈಲಿಗೂ ಆಫೀಸಿಗೂ ಅಂತ ಮಾಡಿಕೊಂಡ ಸಮಯದಿಂದ ಬಂದಿದ್ದು.

ಹಾಗಾದ್ರೆ ಇಷ್ಟು ಗಟ್ಟಿಯಾಗಿ ಮನಸ್ಸಿಗೆ ನಾಟೋದು ಯಾಕೆ? 2005ರಲ್ಲಿ ಆರ್ನಲ್ಡ್ ಜ್ವಿಕಿ ಅನ್ನೋ ಅಮೆರಿಕದ ಭಾಷಾವಿಜ್ಞಾನಿ ಇದಕ್ಕೆ 'ಫ್ರೀಕ್ವೆನ್ಸಿ ಇಲ್ಯೂಷನ್' ಅಂತ ಹೆಸರಿಟ್ಟರು. ಒಂದು ವಿಷಯ ಮನಸ್ಸಿಗೆ ಹತ್ತಿದ ಮೇಲೆ ಕಣ್ಣು ಅದನ್ನೇ ಹೆಕ್ಕುತ್ತೆ, ಹೆಕ್ಕಿದ್ದೆಲ್ಲ "ಜಾಸ್ತಿ ಬರ್ತಿದೆ" ಅನ್ನೋದಕ್ಕೆ ಸಾಕ್ಷಿಯಾಗುತ್ತೆ. 11:17 ಅಂತ ಎಷ್ಟು ಸಲ ನೋಡಿದೀಯ ಹೇಳು ನೋಡೋಣ. ನೋಡಿರ್ತೀಯ, ನೆನಪಲ್ಲಿ ಒಂದೂ ಉಳಿದಿರಲ್ಲ.

ಒಂದು ಮಾತು, ಎಲ್ಲರ ಮುಂದೆ ಬರೀಬೇಕು ಅಂತಿರಲಿಲ್ಲ. ನೀನು ಕಳಿಸಿದ ಸ್ಕ್ರೀನ್‌ಶಾಟುಗಳ ತಾರೀಕು ನೋಡಿದೆ. ಬಹುಪಾಲು ಇಂಟರ್‌ವ್ಯೂ ಮುಗಿಸಿ ಉತ್ತರಕ್ಕೆ ಕಾಯ್ತಿದ್ದ ವಾರಗಳವು. ಕಾಯೋ ಮನುಷ್ಯ ಫೋನ್ ಜಾಸ್ತಿ ನೋಡ್ತಾನೆ. 80 ಇದ್ದದ್ದು 160 ಆದರೆ ದಿನಕ್ಕೊಂದು ಕಾಣ್ತಿದ್ದದ್ದು ಎರಡಾಗುತ್ತೆ. ಬೇಕಾದ ಕಡೆಯಿಂದ ಉತ್ತರ ಬರದೇ ಇದ್ದಾಗ ಗಡಿಯಾರ ಹೇಳಿದ್ದೂ ಉತ್ತರದ ಹಾಗೇ ಕೇಳಿಸುತ್ತೆ. ಅಷ್ಟೊಂದು ರಾತ್ರಿ ಒಬ್ಬನೇ ಕಾದಿದೀಯ, ಅದು ನನಗೆ ಗೊತ್ತಾಗಿದ್ದು ಈ ತಾರೀಕುಗಳಿಂದ. ಸಂಕಟ ಆಯ್ತು ಕಣೋ. ಅದರ ಮೇಲೆ ಯಾರೋ ಸಂಖ್ಯಾಶಾಸ್ತ್ರಿ ನಿನ್ನ ಹೆಸರಿನ ಸ್ಪೆಲ್ಲಿಂಗಿಗೆ ಇನ್ನೊಂದು ಅಕ್ಷರ ಸೇರಿಸು ಅಂದಿದಾರಂತೆ. ಈಗ ಬೇಡ. ಮಾರ್ಕ್ಸ್ ಕಾರ್ಡಲ್ಲಿ ಒಂದು ಹೆಸರು, ಆಧಾರ್, ಪ್ಯಾನಲ್ಲಿ ಇನ್ನೊಂದು ಹೆಸರಾದರೆ ಕೆಲಸ ಸಿಕ್ಕ ಮೇಲೂ ದಾಖಲೆ ಪರಿಶೀಲನೆಯಲ್ಲಿ ಒದ್ದಾಡಬೇಕಾಗುತ್ತೆ.

ಸರಿ, ಸಾಕು. ಇದನ್ನೋದಿ ನಿಮ್ಮಕ್ಕ ನಂಗೇ ಫೋನ್ ಮಾಡ್ತಾರೆ, ಮಾಡಲಿ.

ನೀನೊಂದು ಕೆಲಸ ಮಾಡು. ಒಂದು ಚೀಟಿಯಲ್ಲಿ ಎರಡು ಸಾಲು ಬರ್ಕೋ: 11:11 ಮತ್ತು 11:26. ಮೂರು ವಾರ, ಬೇರೆ ಯಾವುದೋ ಕೆಲಸಕ್ಕೆ ಫೋನ್ ತೆಗೆದಾಗ ಕಂಡಿದ್ದಕ್ಕೆ ಮಾತ್ರ ಗೀಟು ಹಾಕು. 11:10 ನೋಡಿ ಒಂದು ನಿಮಿಷ ಕಾದಿದ್ದು ಲೆಕ್ಕಕ್ಕಿಲ್ಲ. 80 ಸಲದ ಲೆಕ್ಕದಲ್ಲಿ ಸಾಲಿಗೆ ಒಂದೋ ಎರಡೋ ಗೀಟು ಬರಬೇಕು. 11:11ರ ಕಡೆ ತೀರಾ ಜಾಸ್ತಿ ಬಿದ್ದರೆ, ಅದಕ್ಕೆ ಮುಂಚೆ ಫೋನ್ ನೋಡಿದ್ದು ಎಷ್ಟು ಹೊತ್ತಿಗೆ ಅಂತಲೂ ಪಕ್ಕದಲ್ಲಿ ಬರಿ. 11:09, 11:10 ಅಂತ ಬಂದರೆ ಕೈ ತಾನಾಗೇ ಹೋಗ್ತಿದೆ ಅಂತ ತಿಳ್ಕೋ. ಮೂರನೇ ವಾರದ ಹೊತ್ತಿಗೆ ಯಾವ ಚಂದವೂ ಇಲ್ಲದ 11:26 ಕೂಡ ಕಣ್ಣಿಗೆ ಹೊಡೆಯೋಕೆ ಶುರುವಾಗಬಹುದು. ಹಾಗಾದರೆ ಅದರ ಸ್ಕ್ರೀನ್‌ಶಾಟೂ ಕಳಿಸು.

ಇಂಟರ್‌ವ್ಯೂ ಉತ್ತರ ಬಂದ ದಿನ ಮಾತ್ರ ಮೆಸೇಜ್ ಬೇಡ, ಫೋನ್ ಮಾಡು. ಎಷ್ಟೊತ್ತಾದರೂ ಎತ್ತೀನಿ.

ನಿನ್ನ,
ಗುಂಡ