ನಮ್ಮ ನಡಿಗೆ ಬಳಗದ ಹೆಸರಿನ ಕುರಿತು

ಆತ್ಮೀಯ ಸದಸ್ಯರೇ,

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿತ್ಯ ಬೆಳಿಗ್ಗೆ ಸೇರುವ ನಮ್ಮ ಬಳಗಕ್ಕೆ ‘ಮೆಲ್ಲಡಿ’ ಎಂಬ ಹೆಸರು ಇಡಬೇಕೆಂದು ನಿನ್ನೆ ಕಲ್ಲುಬೆಂಚಿನ ಬಳಿ ಕೂಡಿದ್ದವರು ಒಪ್ಪಿದ್ದೇವೆ. ಬಾರದಿದ್ದವರಿಗಾಗಿ ಅದರ ಕಾರಣವನ್ನು ತಿಳಿಸುತ್ತಿದ್ದೇನೆ.

ಮೊದಲು ಬಂದ ‘ನಿವೃತ್ತ ನಡಿಗೆ’ ಎಂಬ ಸೂಚನೆಯಲ್ಲಿ, ನಿವೃತ್ತರಾದವರು ನಾವೋ ಅಥವಾ ನಮ್ಮ ನಡಿಗೆಯೇ ನಿಂತುಹೋಯಿತೋ ಎಂಬ ಗೊಂದಲವಿತ್ತು. ‘ಮಂಡಿನೋವು ಮಿತ್ರಮಂಡಳಿ’ಗೆ ಎಲ್ಲರೂ ನಕ್ಕರಾದರೂ, ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಈಗಷ್ಟೇ ಊರುಗೋಲು ಬಿಟ್ಟಿರುವ ನಮ್ಮ ಹಿರಿಯರೊಬ್ಬರು ನಗಲಿಲ್ಲ, ಅವರ ಮುಖ ನೋಡಿದ ಮೇಲೆ ಅದನ್ನು ಕೈಬಿಟ್ಟೆವು. ಹೆಸರಿನ ತಮಾಷೆ ನಮ್ಮೆಲ್ಲರ ನಿಧಾನದ ಮೇಲಿರಬೇಕೇ ಹೊರತು ಯಾರೊಬ್ಬರ ನೋವಿನ ಮೇಲೂ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಮೆಲ್ಲಡಿ’ ಎಂದರೆ ಮೃದುವಾದ ಹೆಜ್ಜೆ. ನಮ್ಮ ಕನ್ನಡ ಮೇಷ್ಟ್ರು ಅದನ್ನು ಕರ್ಮಧಾರಯ ಸಮಾಸವೆಂದು ಬಿಡಿಸಿ ತೋರಿಸಿದರು. ಬೇಗ ಉಚ್ಚರಿಸಿದರೆ ‘ಮೆಲೋಡಿ’ ಎಂದು ಕೇಳಿಸುವುದರಿಂದ, ಹೆಜ್ಜಾರ್ಲೆಗಳು ಕೂರುವ ತಿರುವಿನಲ್ಲಿ ಹಳೆಯ ಚಿತ್ರಗೀತೆ ಗುನುಗುವ ನಮ್ಮ ಗೆಳೆಯರಿಗೂ ಅದು ಒಪ್ಪುತ್ತದೆ. ಮೂರೇ ಅಕ್ಷರವಾದ್ದರಿಂದ ಟೋಪಿಯ ಮೇಲೆ ದಪ್ಪಕ್ಷರದಲ್ಲಿ ಹೊಲಿಸಬಹುದು, ಕನ್ನಡಕವಿಲ್ಲದೆಯೂ ಓದಬಹುದು.

ಆಕ್ಷೇಪಣೆ ಇದ್ದವರು ಶನಿವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ. ಭಾನುವಾರ ಗುಂಪಿನ ಹೆಸರನ್ನು ಬದಲಾಯಿಸಲಾಗುವುದು.