ನಲವತ್ತು ಪೈಸೆಯ ವಿಷಯವಾಗಿ

ಉಡುಪಿ

ಚಿ. ಪ್ರಶಾಂತನಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಮೂರು ದಿನವಾಯಿತು. ಅದರ ಕೊನೆಯ ಒಂದು ಮಾತು ಇನ್ನೂ ನನ್ನ ಮನಸ್ಸಿನಿಂದ ಇಳಿದಿಲ್ಲ. ರೂಮಿನಲ್ಲಿರುವವರೊಬ್ಬರು ದಿರ್ಹಮ್ಮಿಗೆ 40 ಪೈಸೆ ಹೆಚ್ಚು ಕೊಡಿಸುತ್ತಾರೆ, ಫೀಸು ಇಲ್ಲ, ಅರ್ಧ ಗಂಟೆಯಲ್ಲಿ ಅಮ್ಮನ ಖಾತೆಗೆ ಹಣ ಬೀಳುತ್ತದೆ ಎಂದು ಬರೆದಿದ್ದೀಯ. ಅದಕ್ಕೆ ಅವರು ಯಾವ ಹೆಸರನ್ನೇ ಇಟ್ಟಿರಲಿ, ಅದು ಬ್ಯಾಂಕನ್ನು ಬಿಟ್ಟು ಏಜೆಂಟರ ಮೂಲಕ ಗುಟ್ಟಾಗಿ ಹಣ ದಾಟಿಸುವ ಹುಂಡಿ.

1987ರಲ್ಲಿ ನಾನು ಬಹರೈನಿನಲ್ಲಿದ್ದಾಗ ಡ್ರಾಫ್ಟ್ ಮಾಡಿಸಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರೆ ಅದು ಊರು ತಲುಪಿ ನಗದಾಗಲು ವಾರಗಟ್ಟಲೆ ಹಿಡಿಯುತ್ತಿತ್ತು. ಸರ್ಕಾರದ ದರಕ್ಕೂ ಹುಂಡಿಯ ದರಕ್ಕೂ ಆಗ ಅಂತರ ದೊಡ್ಡದಿತ್ತು. 1993ರಲ್ಲಿ ರೂಪಾಯಿಯ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲಷ್ಟೇ ಅದು ಕುಗ್ಗಿತು. ಬಹರೈನಿನಿಂದ ನಾನೂ ಹುಂಡಿಯಲ್ಲಿ ಕಳಿಸಿದೆ. ಎರಡು ಸಲ ಸ್ಕೂಟರಿನಲ್ಲಿ ಬಂದವನೊಬ್ಬ ಹಳೆಯ ಪೇಪರಿನಲ್ಲಿ ಸುತ್ತಿದ ಕಟ್ಟನ್ನು ನಿನ್ನ ಅಜ್ಜಿಯ ಕೈಗೆ ಕೊಟ್ಟುಹೋದ. ಮೂರನೆಯ ಸಲ ಯಾರೂ ಬರಲಿಲ್ಲ. ಅವಳ ಕಣ್ಣಿನ ಆಪರೇಷನ್ನಿಗೆಂದು ಕಳಿಸಿದ್ದ ಹಣ ಅದು. ಸಂಜೆಯಾದರೆ ತುಳಸಿಕಟ್ಟೆಯ ಬಳಿ ನಿಂತು ದಾರಿ ನೋಡುತ್ತಿದ್ದಳೆಂದು ಅಕ್ಕ ಆಮೇಲೆ ಹೇಳಿದಳು. ದೂರು ಕೊಟ್ಟರೆ ನನ್ನ ತಪ್ಪನ್ನೇ ಒಪ್ಪಿಕೊಂಡಂತಾಗುತ್ತಿದ್ದುದರಿಂದ ನಾನು ಬಾಯಿ ಬಿಡಲಿಲ್ಲ. ಆ ಸಂಕಟ ಇಂದಿಗೂ ಆರಿಲ್ಲ.

ಆದರೆ ನನ್ನ ಹೆದರಿಕೆ ಹಣ ಬಾರದೆ ಹೋದೀತೆಂದಲ್ಲ, ಬಂದೀತೆಂದು. ಇಲ್ಲಿರುವ ಏಜೆಂಟು ತನ್ನ ಖಾತೆಯಿಂದ ಹಣ ಹಾಕುವುದಿಲ್ಲ. ಯಾರು ಯಾರದೋ ಖಾತೆಗಳಿಂದ ಹಾಕಿಸುತ್ತಾನೆ. ಅವುಗಳಲ್ಲಿ ಆನ್‌ಲೈನ್ ವಂಚನೆಯಲ್ಲಿ ದೋಚಿದ ಹಣವೂ ಇರಬಹುದು. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಆ ಹಣ ಹಾದುಹೋದ ಖಾತೆಗಳನ್ನೆಲ್ಲ ಒಂದೊಂದಾಗಿ ತಡೆಹಿಡಿಯುತ್ತಾರೆ. ನಮ್ಮ ಪಕ್ಕದ ಮನೆಯಲ್ಲಿ ಹಾಗೆಯೇ ಆಯಿತು. ಮಗ ಕಳಿಸಿದ್ದೆಂದುಕೊಂಡ ಹಣ ಪಾಸ್‌ಬುಕ್ಕಿನಲ್ಲಿ ಎರಡು ಸಾಲಾಗಿ ಬಂದಿತ್ತು. ಎರಡೂ ಸಾಲಿನಲ್ಲಿ ಕಂಡುಕೇಳದ ವ್ಯಕ್ತಿಗಳ ಹೆಸರು. ಅಲ್ಲಿನ ಮನಿ ಎಕ್ಸ್‌ಚೇಂಜಿನ ಮೂಲಕ ಬಂದಿದ್ದರೆ ಎಕ್ಸ್‌ಚೇಂಜಿನದೋ ಬ್ಯಾಂಕಿನದೋ ಹೆಸರಿರುತ್ತಿತ್ತು. ಬೇರೆ ರಾಜ್ಯದ ಪೊಲೀಸರ ಸೂಚನೆ ಬಂದು ಖಾತೆ ನಿಂತಿತು. ಆ ತಾಯಿಯ ಪಿಂಚಣಿಯೂ ಅದರಲ್ಲೇ ಸಿಕ್ಕಿಕೊಂಡಿತು. ಅಕ್ಕನ ಪಿಂಚಣಿ ಬರುವುದೂ ಒಂದೇ ಖಾತೆಗೆ, ಅದು ನಿನಗೆ ಗೊತ್ತು. ಇದರ ಮೇಲೆ ವಿದೇಶಿ ವಿನಿಮಯದ ಫೆಮಾ ಕಾನೂನಿನಲ್ಲಿ ಹೀಗೆ ಹಣ ಪಡೆದುಕೊಳ್ಳುವುದೂ ತಪ್ಪೇ; ಆ ಮೊತ್ತದ 3 ಪಟ್ಟಿನವರೆಗೆ ದಂಡ ಹಾಕಬಹುದು. ಪಡೆದವಳು ನಿನ್ನ ಅಮ್ಮ.

ಲೆಕ್ಕವನ್ನೂ ಹೇಳುತ್ತೇನೆ, ಮುದುಕ ಬರೀ ಗದರಿಸುತ್ತಾನೆಂದು ನಿನಗೆ ಅನಿಸಬಾರದು. ಹಣ ಕಳಿಸುವ ಆ್ಯಪ್‌ನಲ್ಲಿ ಫೀಸಿಲ್ಲದೆ 23.30 ಸಿಗುತ್ತದೆಂದು ಇಟ್ಟುಕೊಳ್ಳೋಣ. ನೀನು ಕಳಿಸುವ 3,000 ದಿರ್ಹಮ್ಮಿಗೆ 69,900 ರೂಪಾಯಿಯಾಯಿತು. ಹುಂಡಿಯವನ 23.70ರಲ್ಲಿ 71,100. ಹೆಚ್ಚುವರಿ 1,200 ರೂಪಾಯಿ. ಅಕ್ಕನ ಖಾತೆಯನ್ನು ಆ 1,200ಕ್ಕಾಗಿ ಅಪಾಯಕ್ಕೆ ಒಡ್ಡಬೇಕೆ?

ಉಳಿಸಬೇಕೆಂಬ ನಿನ್ನ ಆಸೆಯನ್ನು ನಾನು ತಪ್ಪೆನ್ನುವುದಿಲ್ಲ. ನೇರ ದಾರಿಯಲ್ಲೂ ಸ್ವಲ್ಪ ಉಳಿಯುತ್ತದೆ. ಎಕ್ಸ್‌ಚೇಂಜಿನ ಬೋರ್ಡಿನಲ್ಲಿ 23.40 ಇದ್ದು, ಫೀಸು 23 ದಿರ್ಹಮ್, ಅದರ ಮೇಲೆ ಶೇಕಡಾ 5ರ ವ್ಯಾಟ್ ಸೇರಿ 24.15 ಆಗುವುದಾದರೆ, 3,000ಕ್ಕೆ ಫೀಸಿಲ್ಲದ ಆ್ಯಪೇ ಲಾಭ. 10 ಪೈಸೆಯ ಅಂತರ ಆ ಫೀಸನ್ನು ತುಂಬಿಕೊಡಲು ಸುಮಾರು 5,600 ದಿರ್ಹಮ್ ಬೇಕು. ಎರಡು ತಿಂಗಳದ್ದನ್ನು ಸೇರಿಸಿ 6,000 ಕಳಿಸಿದರೆ ಎಕ್ಸ್‌ಚೇಂಜು ತುಸು ಮುಂದಾಗುತ್ತದೆ. ದರಗಳು ದಿನವೂ ಬದಲಾಗುವುದರಿಂದ ಬೋರ್ಡಿನ ದರವನ್ನು ನೋಡದೆ, ಕೈಯಿಂದ ಹೋಗುವ ಒಟ್ಟು ದಿರ್ಹಮ್ಮಿಗೆ ಇಲ್ಲಿ ಬೀಳುವ ರೂಪಾಯಿ ಎಷ್ಟೆಂದು ಭಾಗಿಸಿ ನೋಡು. ದಿರ್ಹಮ್ಮು ಡಾಲರಿಗೆ 3.6725ರಂತೆ ಕಟ್ಟಿಕೊಂಡಿದೆ, ಏರಿಳಿಯುವುದು ನಮ್ಮ ರೂಪಾಯಿ. ಆದ್ದರಿಂದ ಒಳ್ಳೆಯ ದರಕ್ಕೆಂದು ತಿಂಗಳುಗಟ್ಟಲೆ ಕಾಯುವುದರಲ್ಲಿ ನನಗೆ ನಂಬಿಕೆಯಿಲ್ಲ, ಆದರೂ ಅದು ನಿನ್ನ ಇಷ್ಟ.

ಮನೆ ಖರ್ಚಿನದು ಅಕ್ಕನಿಗೆ ಬರಲಿ, ಉಳಿತಾಯ ಅನಿವಾಸಿಗಳಿಗೆಂದಿರುವ ನಿನ್ನ ಎನ್‌ಆರ್‌ಇ ಖಾತೆಗೆ ಹೋಗಲಿ. ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ರಸೀದಿಗಳನ್ನು ಎಸೆಯಬೇಡ. ನಾಳೆ ಜಾಗ ಕೊಳ್ಳುವಾಗ ಹಣ ಬ್ಯಾಂಕಿನ ಮೂಲಕ ಬಂದದ್ದೆಂದು ತೋರಿಸಬೇಕಾಗುತ್ತದೆ, ಹುಂಡಿಯ ಹಣಕ್ಕೆ ಆ ದಾಖಲೆ ಹುಟ್ಟುವುದೇ ಇಲ್ಲ. ಇದೆಲ್ಲ ನಿನಗೆ ತಿಳಿದದ್ದೇ ಇರಬಹುದು, ಬರೆದದ್ದಕ್ಕೆ ಬೇಸರಿಸಬೇಡ.

ಒಂದು ವಿಷಯ ಮಾತ್ರ ಮುಚ್ಚಿಡದೆ ತಿಳಿಸು: ಈಗಾಗಲೇ ಒಂದು ಸಲ ಹಾಗೆ ಕಳಿಸಿದ್ದೀಯಾ? ಸೋಮವಾರ ಅಕ್ಕನ ಪಾಸ್‌ಬುಕ್ ತೆಗೆದುಕೊಂಡು ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿ, ಪ್ರತಿಯೊಂದು ಸಾಲಿನ ಹೆಸರನ್ನೂ ನಾನೇ ಓದುತ್ತೇನೆ. ಅಕ್ಕನಿಗೆ ಇನ್ನೂ ಏನೂ ಹೇಳಿಲ್ಲ.

ನಿನ್ನ ಮಾವ